ಇಡೀ ಕಥೆಯನ್ನು 'ನೀನು' ಅಂತಲೇ ಬರೆದವರು ಇದ್ದೀರಾ? ಅನುಭವ ಹೇಳಿ

ಕೊನೇ ಬಸ್ಸು (ಕೇಳಿದವರು): ರಾತ್ರಿ ಕೊನೇ ಬಸ್ಸಿನಲ್ಲಿ ಮೈಸೂರಿನಿಂದ ಮಂಡ್ಯಕ್ಕೆ ಹೋಗುವವಳ ಕಥೆ ಬರೀತಿದ್ದೀನಿ. ಸುಮಾರು 3,000 ಪದ, ಪೂರ್ತಿ 'ನೀನು'. ಮೊದಲ ಪುಟ ಎಲ್ಲರಿಗೂ ಇಷ್ಟ ಆಯ್ತು. ಮೂರನೇ ಪುಟಕ್ಕೆ ಬಂದಾಗ "ಇದು ಸರ್ಕಸ್ ಅನ್ನಿಸ್ತಿದೆ" ಅಂದಳು ಗೆಳತಿ. ಕೊನೆವರೆಗೂ ಹಿಡಿದುಕೊಂಡು ಹೋದವರು ಹೇಗೆ ಹೋದಿರಿ?

ಆಲೆಮನೆ ಮಗ: ನಾನು ಹೋದೆ. ಎರಡು ವರ್ಷ ಹಿಡಿಯಿತು, ಐದು ಸಲ ಮೊದಲಿನಿಂದ ಬರೆದೆ. ಅಪ್ಪ ತೀರಿಕೊಂಡ ಮೇಲೆ ಬೆಂಗಳೂರಿನಿಂದ ಊರಿಗೆ ಬರುವ ಮಗನ ಕಥೆ. 11 ಪುಟ. ಮೊದಲ ಪ್ರತಿಯಲ್ಲಿ 'ನೀನು' ಎಷ್ಟಿದೆ ಅಂತ ಒಂದು ರಾತ್ರಿ ಪೆನ್ಸಿಲ್ ಹಿಡಿದು ಎಣಿಸಿದೆ. 214. ನನಗೇ ನಾಚಿಕೆ ಆಯ್ತು.

ಸರಿ, ಕನ್ನಡದಲ್ಲಿ ಕ್ರಿಯಾಪದವೇ ಯಾರು ಅಂತ ಹೇಳುತ್ತಲ್ಲ, 'ನೀನು' ಕಿತ್ತು ಹಾಕೋಣ ಅಂತ ಹೊರಟೆ. ಕಥೆ ಆಗ ಭೂತಕಾಲದಲ್ಲಿತ್ತು. "ಬಸ್ಸಿಳಿದೆ. ಬಾಗಿಲು ತೆರೆದೆ. ಒಳಗೆ ಬಂದೆ." ಒಂದು ಪತ್ರಿಕೆಗೆ ಕಳಿಸಿದೆ. ನಾಲ್ಕು ತಿಂಗಳಾದ ಮೇಲೆ ವಾಪಸ್ ಬಂತು. "ನಿರೂಪಕ ಅಲ್ಲಲ್ಲಿ 'ನಾನು' ಆಗಿಬಿಡುತ್ತಾನೆ, ಗಮನಿಸಿ" ಅಂತ ಒಂದು ಸಾಲು. ಎರಡು ದಿನ ಆ ಸಂಪಾದಕರನ್ನು ಬೈದುಕೊಂಡೆ. ಆಮೇಲೆ ಹೊಳೆಯಿತು, ನಾನು ಬಂದೆ, ನೀನು ಬಂದೆ, ಎರಡಕ್ಕೂ ನಮ್ಮಲ್ಲಿ ಒಂದೇ ರೂಪ! 'ಮಾಡಿದೆ' ಅಂದರಂತೂ ನಾನು, ನೀನು, ಅದು ಮೂರೂ ಆಗುತ್ತೆ. ಧಾರವಾಡದ ಕಡೆಯವರು 'ನೀ ಬಂದಿ' ಅಂತಾರೆ, ಅವರಿಗೆ ಈ ಕಷ್ಟ ಇಲ್ಲ. ನಮಗಿದೆ.

ಮೂರನೇ ಸಲ ಎಲ್ಲವನ್ನೂ ವರ್ತಮಾನಕ್ಕೆ ತಂದೆ. ಇಳಿಯುತ್ತೀಯ, ನೋಡುತ್ತೀಯ, ನಿಲ್ಲುತ್ತೀಯ. ಗೊಂದಲ ಹೋಯ್ತು, ಆದರೆ ಪ್ರತಿ ವಾಕ್ಯದ ಬಾಲ 'ತ್ತೀಯ'. ಹೆಂಡತಿಗೆ ಓದಿ ಹೇಳಿದರೆ "ಯಾಕ್ರೀ ಅವನನ್ನ ಹಿಂಗೆ ವಿಚಾರಣೆ ಮಾಡ್ತಿದೀರ?" ಅಂದಳು. ಒಂದು ದೀರ್ಘ ಎಳೆದರೆ ಸಾಕು, 'ನೋಡುತ್ತೀಯ' ಹೋಗಿ 'ನೋಡುತ್ತೀಯಾ?' ಆಗುತ್ತೆ. ಕಿವಿಗೆ ಪೊಲೀಸ್ ಸ್ಟೇಷನ್.

ಸರಸ್ವತಿಪುರಂ ಮೇಷ್ಟ್ರು: ಇದಕ್ಕೆಲ್ಲ ಮೂಲ ಏಕವಚನ. ಓದುಗನನ್ನು 'ನೀನು' ಅನ್ನೋಕೆ ನಿಮಗೆ ಯಾರು ಹೇಳಿದ್ದು? 'ನೀವು' ಅನ್ನಿ, 'ಬಂದಿರಿ', 'ತೆರೆದಿರಿ'. ಯಾವ ಕಾಲದಲ್ಲಿ ಬರೆದರೂ ಗೊಂದಲ ಇಲ್ಲ. ಫ್ರೆಂಚಿನ ಮಿಶೆಲ್ ಬ್ಯುಟೋರ್ 1957ರಲ್ಲಿ ಇಡೀ ಕಾದಂಬರಿಯನ್ನೇ ಬಹುವಚನದ 'ನೀವು'ನಲ್ಲಿ ಬರೆದ. ಪ್ಯಾರಿಸ್‌ನಿಂದ ರೋಮ್‌ಗೆ ಒಂದು ರೈಲು ಪ್ರಯಾಣ, ಅಷ್ಟೇ. ಇವರದ್ದು ಬಸ್ಸು.

ನಾನೂ ಒಂದು ಬರೆದಿದ್ದೇನೆ. ಗಂಡನಿಗೆ ಹೆಂಡತಿ ಹೇಳುವ ಕಥೆ. "ನೀವು ಕಾಫಿ ಲೋಟ ಕೆಳಗಿಟ್ಟಿರಿ. ನೀವು ಪೇಪರ್ ಮಡಚಿದಿರಿ." ಪ್ರತಿ ವಾಕ್ಯದಲ್ಲೂ 'ನೀವು' ಇದೆ, ಇರಲೇಬೇಕು. ಇಲ್ಲದಿದ್ದರೆ ಪ್ರಯೋಗವೇ ಅಲ್ಲ. ಆ ಕಥೆ ಇರುವ ಸಂಕಲನವನ್ನು ಸ್ವಂತ ಖರ್ಚಿನಲ್ಲಿ 300 ಪ್ರತಿ ಹಾಕಿಸಿದೆ. ಮುದ್ರಣಕ್ಕೆ 18,000, ಮುಖಪುಟಕ್ಕೆ 2,500, ಬಿಡುಗಡೆ ದಿನದ ಉಪ್ಪಿಟ್ಟು-ಕೇಸರಿಬಾತಿಗೆ 3,200. ಮುಖಪುಟದಲ್ಲಿ ನನ್ನ ಹೆಸರಿನ ಒತ್ತಕ್ಷರ ತಪ್ಪು. ಇನ್ನೂ 240 ಪ್ರತಿ ಅಟ್ಟದ ಮೇಲಿವೆ.

ಆಲೆಮನೆ ಮಗ: ಮೇಷ್ಟ್ರೇ, 'ಬಂದಿರಿ' ವಿಷಯ ಒಪ್ಪಿದೆ. ನಿಮ್ಮ ಕಥೆಯಲ್ಲಿ 'ನೀವು' ನಿಂತಿರೋದಕ್ಕೆ ಕಾರಣ ಬೇರೆ. ಆ ಹೆಂಡತಿ ಗಂಡನನ್ನು ದಿನಾ ಹಾಗೇ ಕರೀತಾಳೆ, ಅದಕ್ಕೆ. ಅದೇ 'ನೀವು' ನನ್ನ ಕಥೆಗೆ ಹಾಕಿದರೆ ಅಡುಗೆ ಪುಸ್ತಕ ಆಗುತ್ತೆ. "ನೀವು ಈಗ ಒಲೆ ಹೊತ್ತಿಸಿ."

ಕುಕ್ಕರಹಳ್ಳಿ ವಾಕಿಂಗ್: ಏಕವಚನದ ಬಗ್ಗೆ ಮಾತು ಬಂದಿದ್ದು ಒಳ್ಳೇದಾಯ್ತು. ಮೊನ್ನೆ ಒಂದು ಬಟ್ಟೆ ಅಂಗಡಿಯಲ್ಲಿ ಹುಡುಗ ನನ್ನನ್ನ "ಏನ್ ಬೇಕು ನಿಂಗೆ" ಅಂದ. ನನಗೆ 58. ಸಾಹಿತ್ಯದಲ್ಲೂ ಹಿಂಗೇ ಬರೆದರೆ ಮುಂದಿನವರು ಏನು ಕಲೀತಾರೆ?

ಹನಕೆರೆ ಹೈದ: ಅಣ್ಣಾ, ಅದು ಮೈಸೂರಿನವರ ಕಾಯಿಲೆ. ನಮ್ ಕಡೆ ಅವ್ವಂಗೂ ನೀನು, ದೇವ್ರಿಗೂ ನೀನು. 'ನೀವು' ಅಂದ್ರೆ ಅವ್ವ "ಯಾಕ್ಲಾ, ನಾನೇನ್ ನೆಂಟಳಾ?" ಅಂತಾಳೆ. ಅಂದಹಾಗೆ ಆಲೆಮನೆಯವರೇ, 'ನೋಡುತ್ತೀಯ' ಅಂತ ಮಂಡ್ಯದಲ್ಲಿ ಯಾರು ಮಾತಾಡ್ತಾರೆ? 'ನೋಡ್ತೀಯ', 'ಹೋಯ್ತೀಯ', 'ಬತ್ತೀಯ' ಅಂತ ಬರೀರಿ, ಸರ್ಕಸ್ ತಾನಾಗೇ ಹೋಯ್ತದೆ.

ಆಲೆಮನೆ ಮಗ: ಬರೆದೆ ಸ್ವಾಮಿ. ನಾಲ್ಕನೇ ಪ್ರತಿ ಪೂರ್ತಿ ಅದೇ. ಮೊದಲು ಕೃತಕ ನಿರೂಪಕ ಇದ್ದ, ಆಮೇಲೆ ಕೃತಕ ನಿರೂಪಕ ಮಂಡ್ಯ ಭಾಷೆ ಮಾತಾಡಿದ. ಅಷ್ಟೇ ವ್ಯತ್ಯಾಸ. ತೊಂದರೆ ಭಾಷೇಲಿ ಇರಲಿಲ್ಲ. ಇದನ್ನೆಲ್ಲ ಅವನಿಗೆ ಹೇಳ್ತಿರೋದು ಯಾರು ಅಂತ ನನಗೇ ಗೊತ್ತಿರಲಿಲ್ಲ.

ನನ್ನ ಮೊದಲ ಪ್ರತಿ ಹೀಗಿತ್ತು: "ನೀನು ಬಸ್ಸಿನಿಂದ ಇಳಿದೆ. ನೀನು ಆಲೆಮನೆ ಕಡೆ ನೋಡಿದೆ. ನೀನು ಹತ್ತು ವರ್ಷದ ಹಿಂದೆ ಊರು ಬಿಟ್ಟವನು. ನಿನ್ನ ಅಪ್ಪ ಸತ್ತು ಮೂರು ದಿನವಾಗಿತ್ತು." ಅಪ್ಪ ಸತ್ತು ಮೂರು ದಿನ ಆಯ್ತು ಅಂತ ಮಗನಿಗೇ ಯಾರಾದರೂ ಹೇಳ್ತಾರಾ? ಅವನಿಗೆ ಗೊತ್ತಿಲ್ವಾ? ಅದು ಓದುಗನಿಗೆ ಹೇಳಿದ ಮಾತು, ವಿಳಾಸ ಮಾತ್ರ ಮಗನದ್ದು. ಸರ್ಕಸ್ ಅನ್ನಿಸೋದು ಅಲ್ಲೇ. ಮೊದಲ ಪುಟದಲ್ಲಿ ಹೊಸತನಕ್ಕೆ ಓದುಗ ಸುಮ್ನಿರ್ತಾನೆ. ಹಿಂದಿನ ಕಥೆ ಹೇಳೋ ಜಾಗ ಬಂದಾಗ ಸಿಕ್ಕಿಬೀಳ್ತೀವಿ.

ಐದನೇ ಸಲ ಊರಲ್ಲೇ ಉಳಿದ ಅಣ್ಣನ ಬಾಯಿಗೆ ಕೊಟ್ಟೆ. ಅಣ್ಣ ಅಂತ ಎಲ್ಲೂ ಬರೆಯಲಿಲ್ಲ. "ಬಸ್ಸಿಳಿದು ಮೊದಲು ನೋಡುವುದು ಮನೆ ಕಡೆಗಲ್ಲ, ಆಲೆಮನೆ ಕಡೆಗೆ. ಹೊಗೆ ಏಳುತ್ತಿದೆ. ಹಾಲು-ತುಪ್ಪದ ದಿನವೂ ಒಲೆ ಆರಿಸಿಲ್ಲ ಅಂತ ನಿನಗೆ ಸಿಟ್ಟು. ಹಿಂಡಿದ ಕಬ್ಬಿನ ಹಾಲು ಹುಳಿಯಾಗದೆ ನಿನ್ನ ಬಸ್ಸಿಗೆ ಕಾಯುತ್ತದಾ ತಮ್ಮಾ?"

ನೋಡಿ, ಮೂರು ದಿನ ಅನ್ನೋದು ಹಾಲು-ತುಪ್ಪದಲ್ಲೇ ಬಂತು, ಅದೂ ಜಗಳವಾಗಿ. ಗೊತ್ತಿರೋದನ್ನೇ ಮತ್ತೆ ಹೇಳೋಕೆ ಮನುಷ್ಯರಿಗೆ ಕಾರಣ ಬೇಕು. ಹಂಗಿಸೋಕೆ, ನೆನಪಿಸೋಕೆ, ಬೈಯೋಕೆ. 'ನೀನು' ಎಷ್ಟಿದೆ ಅಂತ ಮತ್ತೆ ಎಣಿಸಿದೆ, 31. ನಾನು ಕಿತ್ತಿದ್ದಲ್ಲ, ತಾವಾಗೇ ಉದುರಿದವು. ಕೊಪ್ಪರಿಗೆ, ಹೊಗೆ, ಸಿಪ್ಪೆ ರಾಶಿ ಎಲ್ಲ ವಾಕ್ಯದ ಕರ್ತೃ ಆದವು. ಅವನ ಕೆಲಸಗಳು "ಇಳಿದು, ಚಪ್ಪಲಿ ಕೈಲಿ ಹಿಡಿದು, ಬದುವಿನ ಮೇಲೆ ನಡೆದು" ಅಂತ ಸೇರಿಕೊಂಡವು. ಮೂರು ಕೆಲಸಕ್ಕೆ ಒಂದು 'ತ್ತೀಯ' ಸಾಕಾಯ್ತು.

ಬೆಲೆ ತೆರಬೇಕಾಗಿದ್ದು ಬೇರೆ ಕಡೆ. ಬೆಂಗಳೂರಿನ ರೂಮಲ್ಲಿ ತಮ್ಮ ಅಳೋ ದೃಶ್ಯ ಇತ್ತು, ನನಗೆ ಬಹಳ ಇಷ್ಟ. ಅದು ಅಣ್ಣನಿಗೆ ಹೇಗೆ ಗೊತ್ತಾಗುತ್ತೆ? ಒಂದೂವರೆ ಪುಟ ಹೋಯ್ತು. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಟಿಕೆಟ್ ಟಿಕೆಟ್: ನನ್ನದೂ ಬಸ್ಸಿನ ಕಥೆಯೇ, ಹಾಗಾಗಿ ಹೇಳ್ತೀನಿ. ನಾನು ಬೇರೆ ಹಳ್ಳಕ್ಕೆ ಬಿದ್ದೆ. 'ಅವನು ಬಂದ, ಅವಳು ಬಂದಳು' ಅಂದರೆ ಗಂಡೋ ಹೆಣ್ಣೋ ಗೊತ್ತಾಗುತ್ತೆ. 'ನೀನು ಬಂದೆ' ಅಂದರೆ ಗೊತ್ತಾಗಲ್ಲ. ಇದು ಸಿಕ್ಕಿದ್ದೇ ನನಗೆ ಲಾಟರಿ ಹೊಡೆದ ಹಾಗಾಯ್ತು. ಕೊನೇ ಸಾಲಲ್ಲಿ ಅದು ಹೆಂಗಸು ಅಂತ ತಿಳಿಸೋಣ ಅಂತ 9 ಪುಟ ಮುಚ್ಚಿಟ್ಟೆ.

ಮುಚ್ಚಿಡೋಕೆ ಏನೇನು ಬಿಡಬೇಕಾಯ್ತು ಗೊತ್ತಾ? ಕಂಡಕ್ಟರ್ "ಅಮ್ಮಾ ಟಿಕೆಟ್" ಅನ್ನಂಗಿಲ್ಲ. ಪಕ್ಕದವರು "ಏನಕ್ಕಾ" ಅನ್ನಂಗಿಲ್ಲ. ಫೋನಲ್ಲಿ ತಮ್ಮ "ಎಲ್ಲಿದೀಯೇ" ಅನ್ನಂಗಿಲ್ಲ. ಹೆಂಗಸರ ಸೀಟು, ಸೆರಗು, ಉಚಿತ ಟಿಕೆಟ್ ಎಲ್ಲ ಬಂದ್. ಶ್ರೀರಂಗಪಟ್ಟಣ ದಾಟೋ ಹೊತ್ತಿಗೆ ನನ್ನ ಬಸ್ಸಲ್ಲಿ ಯಾರೂ ಯಾರ ಜೊತೆಗೂ ಮಾತಾಡ್ತಿರಲಿಲ್ಲ. ಹೆಣ ಸಾಗಿಸೋ ಗಾಡಿ. ಆರು ಜನ ಗೆಳೆಯರ ಮುಂದೆ ಓದಿದೆ. ಕೊನೇ ಸಾಲಿಗೆ ಒಬ್ಬರು "ಓಹೋ" ಅಂದರು. ಇನ್ನೊಬ್ಬರು "ಇದಕ್ಕಾ ಇಷ್ಟು ಹೊತ್ತು ಕೂರಿಸಿದ್ದು?" ಅಂದರು. ಮನೆಗೆ ಬಂದು ಕಡತ ಅಳಿಸಿದೆ. ಈಗ ಅನ್ನಿಸುತ್ತೆ, ಅಳಿಸಬಾರದಿತ್ತು.

ಸರಸ್ವತಿಪುರಂ ಮೇಷ್ಟ್ರು: 'ನೀವು' ಅಂತ ಬರೆದಿದ್ದರೆ ಈ ತೊಂದರೆ ಬರುತ್ತಿರಲಿಲ್ಲ.

ಟಿಕೆಟ್ ಟಿಕೆಟ್: ಸರ್, 'ನೀವು'ನಲ್ಲೂ ಗಂಡು ಹೆಣ್ಣು ಗೊತ್ತಾಗಲ್ಲ. ಪೂರ್ತಿ ಓದಿ ಮಾತಾಡಿ.

ಸರಸ್ವತಿಪುರಂ ಮೇಷ್ಟ್ರು: ನಾನು 34 ವರ್ಷ ವ್ಯಾಕರಣ ಪಾಠ ಮಾಡಿದವನು.

ಟಿಕೆಟ್ ಟಿಕೆಟ್: ಅದಕ್ಕೇ ಪ್ರತಿ ವಾಕ್ಯದಲ್ಲೂ ಕರ್ತೃಪದ ಬೇಕು ಅಂತೀರಾ.

ಹನಕೆರೆ ಹೈದ: 😀 ಬುಡಿ ಅಕ್ಕ. ಆಲೆಮನೆಯವ್ರೇ, ಒಂದು ಅನುಮಾನ. ಹೇಳೋನು ಅಣ್ಣ ಅಂದ್ಮೇಲೆ ಅದು 'ನೀನು' ಕಥೆ ಹೆಂಗಾಯ್ತದೆ? ಅಣ್ಣನ 'ನಾನು' ಕಥೆ ಅಲ್ವಾ ಅದು? 'ನಾನು' ಅನ್ನೋದನ್ನ ಬಚ್ಚಿಟ್ಟಿದೀರ, ಅಷ್ಟೇ.

ಆಲೆಮನೆ ಮಗ: ಇದನ್ನೇ ನನ್ನ ಹೆಂಡತಿಯೂ ಕೇಳಿದ್ದು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕಥೆ ತಮ್ಮನ ಹಿಂದೆಯೇ ಹೋಗುತ್ತೆ, ಅಣ್ಣ ಏನು ಮಾಡಿದ ಅಂತ ಎಲ್ಲೂ ಇಲ್ಲ. ಕೊನೇ ಪುಟದಲ್ಲಿ ಒಂದೇ ಒಂದು ಸಲ 'ನನ್ನ' ಬರುತ್ತೆ. "ಪಾಕ ಎಳೆ ಬಂತಾ ಅಂತ ನನ್ನ ಕಡೆ ನೋಡುತ್ತೀಯ." ಅಲ್ಲಿವರೆಗೆ ಹೇಳ್ತಿರೋನು ಕೊಪ್ಪರಿಗೆ ಪಕ್ಕದಲ್ಲೇ ನಿಂತಿದ್ದ ಅಂತ ಕೆಲವರಿಗೆ ಗೊತ್ತಾಗಿರಲ್ಲ. ತನಗೆ ತಾನೇ 'ನೀನು' ಅಂದುಕೊಳ್ಳೋ ಕಥೆಗಳೂ ಇವೆ, ತಪ್ಪು ಮಾಡಿದವನು ರಾತ್ರಿ ತನ್ನನ್ನೇ ಬೈದುಕೊಳ್ಳೋ ಹಾಗೆ. ಅದನ್ನೂ ಒಂದು ಸಲ ಮಾಡಿ ನೋಡಿದ್ದೆ. ನಾಲ್ಕು ಪುಟ ದಾಟಲಿಲ್ಲ. ಅಷ್ಟು ಹೊತ್ತು ಯಾರೂ ತಮ್ಮನ್ನ ತಾವು ಬೈದುಕೊಳ್ಳಲ್ಲ, ಮಧ್ಯೆ ಊಟಕ್ಕೆ ಏಳ್ತಾರೆ.

ಸರಸ್ವತಿಪುರಂ ಮೇಷ್ಟ್ರು: ಕೊನೆಯಲ್ಲಿ 'ನನ್ನ' ತಂದಿದ್ದು ಮೋಸ. ನಿಯಮ ಮುರಿದಿರಿ.

ಆಲೆಮನೆ ಮಗ: ಯಾರ ನಿಯಮ ಮೇಷ್ಟ್ರೇ?

ಕುಕ್ಕರಹಳ್ಳಿ ವಾಕಿಂಗ್: ಬಟ್ಟೆ ಅಂಗಡಿ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕೊನೇ ಬಸ್ಸು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಕಥೇಲಿ ಅವಳಿಗೆ ಹೇಳ್ತಿರೋದು ಯಾರು ಅಂತ ಈಗ ಯೋಚಿಸ್ತಿದೀನಿ. ಕಂಡಕ್ಟರ್ ಆಗಬಹುದಾ? ದಿನಾ ಅದೇ ಬಸ್ಸಿಗೆ ಹತ್ತೋಳು ಅವಳು.

ಟಿಕೆಟ್ ಟಿಕೆಟ್: ಕಂಡಕ್ಟರ್ ಅವಳನ್ನ 'ನೀನು' ಅಂತಾನಾ?

ಹನಕೆರೆ ಹೈದ: ಮಂಡ್ಯ ಡಿಪೋದವನಾದ್ರೆ ಅಂತಾನೆ.

ಕುಕ್ಕರಹಳ್ಳಿ ವಾಕಿಂಗ್: ನೋಡಿ, ಇದನ್ನೇ ನಾನು ಹೇಳಿದ್ದು.

ಸರಸ್ವತಿಪುರಂ ಮೇಷ್ಟ್ರು: ಮಾದರಿ ಬೇಕಿದ್ದರೆ ನನ್ನ ಪುಸ್ತಕ ನೋಡಬಹುದು. ಮನೆಗೆ ಬಂದು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ಅಂಚೆ ಖರ್ಚು ಮಾತ್ರ ನಾನು ಹಾಕಲಾರೆ.