ಪೇಟೆಂಟಿನ ಕ್ಲೇಮ್ ಕನ್ನಡಕ್ಕೆ: ಸದರಿ ಬ್ಲೇಡು ಯಾವ ಬ್ಲೇಡು?

ಶ್ರೀಪಾದ: ನಮ್ಮ ಮಾವ ಸಾಗರದ ಹತ್ತಿರ ವರ್ಕ್‌ಶಾಪ್ ಇಟ್ಟಿದ್ದಾರೆ, ಅಡಿಕೆ ಸುಲಿಯುವ ಯಂತ್ರ ಮಾಡುತ್ತಾರೆ. ನಮ್ಮ ಪೇಟೆಂಟ್ ಉಲ್ಲಂಘಿಸಿದ್ದೀರಿ ಎಂದು ವಕೀಲರ ನೋಟಿಸ್ ಬಂದಿದೆ. ಮಾವನಿಗೆ ಇಂಗ್ಲಿಷ್ ಬರಲ್ಲ, ಪೇಟೆಂಟಿನ ಹಕ್ಕು ಯಾವುದರ ಮೇಲೆ ಎಂದು ಹೇಳುವ ಒಂದನೇ ಕ್ಲೇಮನ್ನು ನಾನೇ ಕನ್ನಡಕ್ಕೆ ತಂದೆ: “ಒಂದು ಚೌಕಟ್ಟು, ಹಾಪರ್, ಎದುರುಬದುರು ದಿಕ್ಕಿಗೆ ತಿರುಗುವ ಒಂದು ಜೊತೆ ರೋಲರ್, ರೋಲರ್‌ಗಳ ಕೆಳಗೆ ಒಂದು ಬ್ಲೇಡ್, ಇವುಗಳಿಂದ ಆದ, ಸದರಿ ಬ್ಲೇಡ್ ರೋಲರ್‌ಗಳ ಶಾಫ್ಟಿಗೆ ಗಣನೀಯವಾಗಿ ಸಮಾನಾಂತರವಾಗಿರುವ ಅಡಿಕೆ ಸುಲಿಯುವ ಯಂತ್ರ.” ಮಾವನ ಯಂತ್ರದಲ್ಲಿ ಸಿಪ್ಪೆ ಊದುವ ಫ್ಯಾನ್ ಜಾಸ್ತಿ ಇದೆ. ಬ್ಲೇಡು ಮೂರು, ಅವೂ ಕೊಂಚ ಓರೆ. ಅನುವಾದ ಸರಿ ಇದ್ದರೆ ನಾವು ಪಾರು, ಅಲ್ವಾ?

ವಸುಧಾ: “ಇವುಗಳಿಂದ ಆದ” ಎಂದು ಬರೆದ ಜಾಗದಲ್ಲಿ ಇಂಗ್ಲಿಷಿನಲ್ಲಿ ಏನಿದೆ? ಕಂಪ್ರೈಸಿಂಗ್ ಎಂದಿದ್ದರೆ ನಿಮ್ಮ ಅನುವಾದ ತಪ್ಪು, ಮಾವನಿಗೆ ನೀವು ಕೊಟ್ಟ ಧೈರ್ಯವೂ ತಪ್ಪು. ಆ ಪದ ಬಾಗಿಲು ತೆರೆದಿಡುತ್ತದೆ. ಇಷ್ಟು ಭಾಗ ಇರಬೇಕು, ಇದರ ಜೊತೆ ಬೇರೆ ಏನಿದ್ದರೂ ಕ್ಲೇಮಿನೊಳಗೇ ಬರುತ್ತದೆ. ಫ್ಯಾನ್ ಸೇರಿಸಿದರೆ ತಪ್ಪಿಸಿಕೊಳ್ಳಲು ಆಗಲ್ಲ. ಬ್ಲೇಡು ಮೂರಿದ್ದರೂ ಅಷ್ಟೇ, ಮೂರಿದ್ದಲ್ಲಿ ಒಂದು ಇದ್ದೇ ಇರುತ್ತದಲ್ಲ. ಇಷ್ಟೇ, ಬೇರೇನೂ ಇಲ್ಲ ಎಂದು ಮುಚ್ಚುವ ಮಾತು ಕನ್ಸಿಸ್ಟಿಂಗ್ ಆಫ್. ನೀವು ಬರೆದ “ಇವುಗಳಿಂದ ಆದ” ಅದಕ್ಕೆ ಹೊಂದುತ್ತದೆ. ಕಂಪ್ರೈಸಿಂಗ್‌ಗೆ “ಒಳಗೊಂಡ” ಹಾಕಿ.

ಶ್ರೀಪಾದ: ಕಂಪ್ರೈಸಿಂಗ್ ಅಂತಲೇ ಇದೆ ಮೇಡಂ. ಎರಡೂ ಒಂದೇ ಅಂದುಕೊಂಡಿದ್ದೆ.

ನಿವೃತ್ತ ಗುಮಾಸ್ತ: “ಒಳಗೊಂಡ” ಎಂದರೆ ಬಾಗಿಲು ತೆರೆದಿದೆ ಎಂದು ಯಾರು ಹೇಳಿದರು? ಮೂವತ್ತು ವರ್ಷ ಕೋರ್ಟಿನಲ್ಲಿ ಭಾಷಾಂತರ ಮಾಡಿದವನು ನಾನು. ಸರ್ಕಾರಿ ಆದೇಶ ತೆಗೆದು ನೋಡಿ. “ಸಮಿತಿಯು ಈ ಕೆಳಕಂಡ ಸದಸ್ಯರನ್ನು ಒಳಗೊಂಡಿರುತ್ತದೆ” ಎಂದು ಐದು ಹೆಸರು ಹಾಕಿದರೆ, ಆರನೆಯವನು ಬಂದು ಕುರ್ಚಿ ಹಾಕಿಕೊಂಡು ಕೂರುವ ಹಾಗಿದೆಯೇ? ಕನ್ನಡದ ಕಚೇರಿ ಬಳಕೆಯಲ್ಲಿ ಅದು ಮುಚ್ಚಿದ ಪಟ್ಟಿ.

ವಸುಧಾ: ಒಳ್ಳೆಯ ಮಾತು ಹೇಳಿದಿರಿ. ಹಾಗಿದ್ದರೆ “ಕನಿಷ್ಠ ಇವುಗಳನ್ನು ಒಳಗೊಂಡ” ಎಂದು ಬರೆಯಬಹುದು.

ನಿವೃತ್ತ ಗುಮಾಸ್ತ: ಮೂಲದಲ್ಲಿ ಇಲ್ಲದ “ಕನಿಷ್ಠ” ಎಲ್ಲಿಂದ ಬಂತು? ಭಾಷಾಂತರಕಾರ ಒಂದು ಪದ ಕೂಡಿಸಿದರೆ ನಮ್ಮ ಕಾಲದಲ್ಲಿ ಕಾಗದ ವಾಪಸ್ ಬರುತ್ತಿತ್ತು.

ಬಸವರಾಜ: ನನಗೂ ಹೀಗೇ ಆಗಿತ್ತು. ನಮ್ಮ ಮಸಾಲೆ ಪುಡಿ ಹೆಸರಿನ ಮೇಲೆ ಹಕ್ಕು ತಮ್ಮದು ಅಂತ ಒಬ್ಬರು ನೋಟಿಸ್ ಕೊಟ್ಟರು. ಹೆಸರಲ್ಲಿ ಒಂದು ಅಕ್ಷರ ಬದಲಿಸಿದೆ, ಲೇಬಲ್ ಬಣ್ಣ ಬದಲಿಸಿದೆ, ಮುಗೀತು. ಮಾವನಿಗೂ ಯಂತ್ರದ ಹೆಸರು ಬದಲಿಸೋಕೆ ಹೇಳಿ.

ವಸುಧಾ: ಅದು ಟ್ರೇಡ್‌ಮಾರ್ಕ್, ಇದು ಪೇಟೆಂಟ್. ಹೆಸರಿಗೂ ಇದಕ್ಕೂ ಸಂಬಂಧ ಇಲ್ಲ.

ಬಸವರಾಜ: ಸಂಬಂಧ ಇಲ್ಲದಿದ್ದರೆ ಎರಡಕ್ಕೂ ವಕೀಲರು ಒಂದೇ ಫೀಸು ಯಾಕೆ ತಗೋತಾರೆ?

ಕಿರಣ್ ಮ್ಯೂನಿಕ್: ಅನುವಾದ ತಪ್ಪಾದರೂ ಒಳ್ಳೆಯದೇ, ಶ್ರೀಪಾದ. ಇಲ್ಲಿ ಯುರೋಪಿಯನ್ ಪೇಟೆಂಟ್ ಒಪ್ಪಂದದ 70ನೇ ವಿಧಿ ಹಾಗೇ ಇದೆ. ಅನುವಾದದಲ್ಲಿ ಕ್ಲೇಮ್ ಕಿರಿದಾದರೆ ಕಿರಿದಾದದ್ದೇ ನಡೆಯುತ್ತದೆ. “ಇವುಗಳಿಂದ ಆದ” ಅಂತಲೇ ಬಿಡಿ, ಮಾವನಿಗೆ ಲಾಭ.

ವಸುಧಾ: ಆ ವಿಧಿಯ ಮೊದಲ ಸಾಲನ್ನೂ ಓದಿ. ಅರ್ಜಿ ಯಾವ ಭಾಷೆಯಲ್ಲಿ ನಡೆಯಿತೋ ಆ ಪಠ್ಯವೇ ಅಧಿಕೃತ. ನೀವು ಹೇಳಿದ ರಿಯಾಯಿತಿ ಆಮೇಲಿನದು, ಅದೂ ಸದಸ್ಯ ದೇಶ ತನ್ನ ಕಾನೂನಿನಲ್ಲಿ ಹಾಗೆ ಬರೆದುಕೊಂಡಿದ್ದರೆ ಮಾತ್ರ. ಸಾಗರಕ್ಕೆ ಅದು ಬರುವುದೇ ಇಲ್ಲ. ನಮ್ಮ 2003ರ ಪೇಟೆಂಟ್ ನಿಯಮಗಳ ಪ್ರಕಾರ ಕಾಗದಪತ್ರ ಹಿಂದಿಯಲ್ಲಿರಬೇಕು ಅಥವಾ ಇಂಗ್ಲಿಷಿನಲ್ಲಿರಬೇಕು. ಈ ಪೇಟೆಂಟ್ ಸಿಕ್ಕಿರುವುದು ಇಂಗ್ಲಿಷಿನಲ್ಲಿ. ಕನ್ನಡ ಪಠ್ಯ ಮಾವನಿಗೆ ಅರ್ಥವಾಗಲಿಕ್ಕೆ ಮಾತ್ರ. ತಪ್ಪು ಅನುವಾದ ಕೋರ್ಟಿನಲ್ಲಿ ಕಾಪಾಡಲ್ಲ, ಮನೆಯಲ್ಲಿ ತಪ್ಪು ತೀರ್ಮಾನ ಮಾಡಿಸುತ್ತದೆ ಅಷ್ಟೇ.

ನಿವೃತ್ತ ಗುಮಾಸ್ತ: “ಅರ್ಥವಾಗಲಿಕ್ಕೆ ಮಾತ್ರ” ಎನ್ನಬೇಡಿ ಅಮ್ಮಾ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಕಲಮು ನೋಡಿ. ಕೆಳಗಿನ ಕೋರ್ಟಿನಲ್ಲಿ ಬರಹ ಇಂಗ್ಲಿಷಿನಲ್ಲಿದ್ದು ಪಕ್ಷಗಾರನಿಗೆ ಇಂಗ್ಲಿಷ್ ಬಾರದಿದ್ದರೆ, ಕೇಳಿದರೆ ಕೋರ್ಟಿನ ಭಾಷೆಗೆ ಅನುವಾದ ಕೊಡಲೇಬೇಕು.

ವಸುಧಾ: ಕೊಡಬೇಕು, ಒಪ್ಪಿದೆ. ಹಾಗೆ ಕೊಟ್ಟ ಅನುವಾದ ಪೇಟೆಂಟಿನ ವ್ಯಾಪ್ತಿ ಬದಲಿಸುತ್ತದೆ ಎಂದು ಆ ಕಲಮಿನಲ್ಲಿ ಎಲ್ಲಿದೆ?

ನಿವೃತ್ತ ಗುಮಾಸ್ತ: ನಾನು ಹಾಗೆ ಹೇಳಲಿಲ್ಲ.

ಕಿರಣ್ ಮ್ಯೂನಿಕ್: ಓರೆ ಬ್ಲೇಡಿನ ಕಥೆ ಏನು? ಸಮಾನಾಂತರ ಎಂದರೆ ಸಮಾನಾಂತರ. ಓರೆ ಇದ್ದರೆ ಸಮಾನಾಂತರ ಅಲ್ಲ. ಇದಕ್ಕೆ ವಕೀಲರು ಬೇಕಾ?

ವಸುಧಾ: ಬೇಕು. “ಗಣನೀಯವಾಗಿ ಸಮಾನಾಂತರ” ಕನ್ನಡವೇ ಅಲ್ಲ. ಸಬ್‌ಸ್ಟ್ಯಾನ್ಷಿಯಲಿ ಎಂಬುದಕ್ಕೆ ನಿಘಂಟಿನ ಮೊದಲ ಅರ್ಥ ಎತ್ತಿ ಹಾಕಿದ್ದಾರೆ. ಬೆಲೆ ಗಣನೀಯವಾಗಿ ಏರುತ್ತದೆ, ಬ್ಲೇಡು ಗಣನೀಯವಾಗಿ ಸಮಾನಾಂತರ ಆಗಲ್ಲ. ಇಲ್ಲಿ ಅರ್ಥ “ಹೆಚ್ಚುಕಡಿಮೆ ಸಮಾನಾಂತರ”. ಆ ಪದ ಇಟ್ಟಿರುವುದೇ ಸ್ವಲ್ಪ ಓರೆ ಇದ್ದರೂ ಹಿಡಿಯಲಿ ಎಂದು. ಇಂಗ್ಲೆಂಡಿನಲ್ಲಿ ಕ್ಯಾಟ್ನಿಕ್ ಎಂಬ ಹಳೆಯ ಮೊಕದ್ದಮೆ ಇದೆ, ಬಾಗಿಲ ಮೇಲೆ ಇಡುವ ಉಕ್ಕಿನ ಲಿಂಟೆಲ್‌ನದ್ದು. ಕ್ಲೇಮಿನಲ್ಲಿ ಹಿಂದಿನ ತಗಡು ಲಂಬವಾಗಿರಬೇಕು ಎಂದಷ್ಟೇ ಇತ್ತು, “ಹೆಚ್ಚುಕಡಿಮೆ” ಇರಲಿಲ್ಲ. ಎದುರಾಳಿ ತಗಡನ್ನು 6 ಡಿಗ್ರಿ, ಇನ್ನೊಂದರಲ್ಲಿ 8 ಡಿಗ್ರಿ ಓರೆ ಮಾಡಿದ್ದ. ಹೌಸ್ ಆಫ್ ಲಾರ್ಡ್ಸ್ ಉಲ್ಲಂಘನೆ ಎಂದೇ ಹೇಳಿತು. ತಗಡು ಮಾಡುವ ಕೆಲಸ ಆ ಓರೆಯಿಂದ ಹೆಚ್ಚೇನೂ ಬದಲಾಗಿರಲಿಲ್ಲ. ಆ ಪದ ಇಲ್ಲದೆಯೇ ಹಾಗಾದರೆ, ಇದ್ದಾಗ ಏನು?

ಕಿರಣ್ ಮ್ಯೂನಿಕ್: ಇಂಗ್ಲೆಂಡಿನ ತೀರ್ಪು. ನನ್ನ ಯುರೋಪ್ ಸಾಗರಕ್ಕೆ ಬರಲ್ಲ, ನಿಮ್ಮ ಇಂಗ್ಲೆಂಡ್ ಬರುತ್ತದಾ?

ವಸುಧಾ: ಕಟ್ಟುಪಾಡಲ್ಲ. ದಾರಿ ತೋರಿಸುತ್ತದೆ. ಶ್ರೀಪಾದ, ಓರೆ ಎಷ್ಟು ಡಿಗ್ರಿ? ಓರೆ ಮಾಡಿದ್ದರಿಂದ ಸುಲಿಯುವ ರೀತಿ ಬದಲಾಗುತ್ತದಾ, ಇಲ್ಲಾ ಬೆಸುಗೆ ಹಾಕುವಾಗ ಹಾಗೆ ಕೂತಿದ್ದಾ?

ತಿಳಿಗನ್ನಡ: ಎಲ್ಲಾ ಬಿಡಿ. “ಸದರಿ ಬ್ಲೇಡ್” ಅಂತೆ! ಮಾವನಿಗೆ ಅರ್ಥ ಆಗಲಿ ಅಂತ ಕನ್ನಡ ಮಾಡಿ ಒಳಗೆ ಪಾರಸಿ ತುರುಕಿದ್ದಾರೆ. “ಆ ಬ್ಲೇಡು” ಅನ್ನೋಕೆ ಏನು ಕಷ್ಟ?

ನಿವೃತ್ತ ಗುಮಾಸ್ತ: ಕಷ್ಟ ಇದೆ. “ಆ” ಎಂದರೆ ಕೈ ತೋರಿಸುವ ಪದ. ಮಾವ ಯಂತ್ರದ ಮುಂದೆ ನಿಂತು ಓದಿದರೆ “ಆ ಬ್ಲೇಡು” ಎಂದರೆ ತನ್ನ ಯಂತ್ರದ್ದು ಎಂದುಕೊಳ್ಳುತ್ತಾನೆ. “ಸದರಿ” ಎಂದರೆ ಇದೇ ಬರಹದಲ್ಲಿ ಈಗಾಗಲೇ ಹೇಳಿದ್ದು ಎಂಬ ಒಂದೇ ಅರ್ಥ. ಕ್ರಯಪತ್ರದಲ್ಲಿ “ಸದರಿ ಸ್ವತ್ತು” ಓದಿ ಅರ್ಥವಾಗದ ರೈತ ಮಲೆನಾಡಿನಲ್ಲಿ ಇಲ್ಲ.

ತಿಳಿಗನ್ನಡ: ಅರ್ಥವಾಗದೆ ಸಹಿ ಹಾಕಿದವರು ಬೇಕಾದಷ್ಟು ಇದ್ದಾರೆ. “ಸದರಿ” ಬೇಡದಿದ್ದರೆ “ಮೇಲೆ ಹೇಳಿದ” ಅನ್ನಿ. ಕನ್ನಡಕ್ಕೆ ಬಡತನ ಇಲ್ಲ.

ನಿವೃತ್ತ ಗುಮಾಸ್ತ: “ರೋಲರ್‌ಗಳ ಮೇಲೆ ಹೇಳಿದ ಬ್ಲೇಡ್.” ಓದಿ. ಬ್ಲೇಡು ರೋಲರಿನ ಮೇಲಿದೆಯೋ, ಮಾತು ಮೇಲಿದೆಯೋ? ಕ್ಲೇಮಿನಲ್ಲಿ ಬ್ಲೇಡು ಇರುವುದು ಕೆಳಗೆ. ನಿಮ್ಮ ಶುದ್ಧ ಕನ್ನಡ ಬ್ಲೇಡನ್ನು ಎತ್ತಿ ಮೇಲೆ ಇಟ್ಟಿತು.

ತಿಳಿಗನ್ನಡ: “ಸದರಿ ರೋಲರ್‌ಗಳ ಬ್ಲೇಡ್” ಅಂದರೆ ಸದರಿ ಯಾವುದಕ್ಕೆ? ರೋಲರಿಗಾ, ಬ್ಲೇಡಿಗಾ? ನಿಮ್ಮ ಪಾರಸಿಯೂ ಅದೇ ಗುಂಡಿಯಲ್ಲಿ ಬಿದ್ದಿದೆ.

ನಿವೃತ್ತ ಗುಮಾಸ್ತ: ಪಕ್ಕದ ಪದಕ್ಕೆ ಸ್ವಾಮಿ. ವ್ಯಾಕರಣ ಓದಿದ್ದೀರಾ?

ತಿಳಿಗನ್ನಡ: ನೀವು ಓದಿದ್ದು ವ್ಯಾಕರಣ ಅಲ್ಲ, ದಫ್ತರ.

ಬಸವರಾಜ: ದಫ್ತರವೂ ಪಾರಸಿ ಅಲ್ವಾ?

ವಸುಧಾ: ಮೂಲ ಕ್ಲೇಮಿನಲ್ಲೇ ಪ್ರತಿ ಭಾಗದ ಮುಂದೆ ಕಂಸದಲ್ಲಿ ಚಿತ್ರದ ಸಂಖ್ಯೆ ಇರುತ್ತದೆ. ಅದನ್ನು ಉಳಿಸಿಕೊಂಡು “ಬ್ಲೇಡ್ (14)”, “ರೋಲರ್ (12)” ಎಂದು ಬರೆಯಿರಿ. ಆಗ “ಸದರಿ”ಯೂ ಗೊಂದಲ ಮಾಡಲ್ಲ, “ಆ” ಕೂಡ ಮಾಡಲ್ಲ.

ತಿಳಿಗನ್ನಡ: ಸಂಖ್ಯೆ ಹಾಕಿದರೆ ಅದು ಭಾಷೆ ಅಲ್ಲ, ಲೆಕ್ಕ.

ನಿವೃತ್ತ ಗುಮಾಸ್ತ: ಇದೊಂದು ವಿಷಯದಲ್ಲಿ ಇವರ ಮಾತು ಒಪ್ಪಬಹುದು.

ವಸುಧಾ: ಒಪ್ಪಿಕೊಳ್ಳಿ, ಸಂತೋಷ. ಶ್ರೀಪಾದ, ನಿಮ್ಮ ವಾಕ್ಯದ ದೊಡ್ಡ ತೊಂದರೆ ಬೇರೆ. ಇಂಗ್ಲಿಷಿನಲ್ಲಿ “ಯಂತ್ರ” ಮೊದಲು ಬರುತ್ತದೆ, ವಿಶೇಷಣಗಳೆಲ್ಲ ಬಾಲದ ಹಾಗೆ ಹಿಂದೆ ಬರುತ್ತವೆ. ನೀವು ಅದನ್ನು ಒಂದೇ ಕನ್ನಡ ವಾಕ್ಯ ಮಾಡಿದ್ದೀರಿ, ಹಾಗಾಗಿ ಎಲ್ಲ ಯಂತ್ರದ ಮುಂದೆ ರಾಶಿ ಬಿದ್ದಿದೆ. ಒಂದು ತುಂಡು ಬಿದ್ದುಹೋದರೂ ಕಣ್ಣಿಗೆ ಕಾಣಲ್ಲ. ಒಡೆದು ಬರೆಯಿರಿ: “ಇದು ಅಡಿಕೆ ಸುಲಿಯುವ ಯಂತ್ರ. ಇದರಲ್ಲಿ ಇರುವ ಭಾಗಗಳಲ್ಲಿ ಚೌಕಟ್ಟು, ಹಾಪರ್, ಒಂದು ಜೊತೆ ರೋಲರ್, ಬ್ಲೇಡ್ ಸೇರಿವೆ. ರೋಲರ್‌ಗಳು ಎದುರುಬದುರು ತಿರುಗುತ್ತವೆ. ಬ್ಲೇಡ್ ರೋಲರ್‌ಗಳ ಕೆಳಗಿದೆ, ಅವುಗಳ ಶಾಫ್ಟಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿದೆ.” “ಸೇರಿವೆ” ಎಂದರೆ ಬಾಗಿಲೂ ತೆರೆದಿರುತ್ತದೆ, “ಕನಿಷ್ಠ” ಕೂಡಿಸಿದ ಅಪವಾದವೂ ಇಲ್ಲ. ಈಗ ಇಂಗ್ಲಿಷ್ ಪಕ್ಕಕ್ಕೆ ಇಟ್ಟು, ಏನಾದರೂ ಬಿಟ್ಟುಹೋಗಿದೆಯಾ ನೋಡಿ.

ಶ್ರೀಪಾದ: ಒಂದು ಬಿಟ್ಟಿದ್ದೆ ಮೇಡಂ. ರೋಲರ್‌ಗಳ ನಡುವಿನ ಸಂದು ಅಡ್ಜಸ್ಟಬಲ್ ಅಂತ ಇದೆ. ಸುಮ್ನೆ ವರ್ಣನೆ ಅಂದುಕೊಂಡು ಬಿಟ್ಟೆ. ವಾಕ್ಯ ಉದ್ದ ಆಗ್ತಿತ್ತು.

ವಸುಧಾ: ಅಯ್ಯೋ! ಅದನ್ನೇ ಮೊದಲು ಹೇಳಬೇಕಿತ್ತಲ್ಲ. ಫ್ಯಾನ್ ಸೇರಿಸಿದರೆ ಪಾರಾಗಲ್ಲ, ಆದರೆ ಕ್ಲೇಮಿನ ಒಂದು ಭಾಗ ನಿಮ್ಮ ಯಂತ್ರದಲ್ಲಿ ಇಲ್ಲ ಎಂದರೆ ಪಾರಾಗಲು ಗಟ್ಟಿ ದಾರಿ ಇದೆ. ಮಾವನ ರೋಲರ್ ಸಂದು ಹೊಂದಿಸಲು ಆಗುತ್ತದಾ?

ಶ್ರೀಪಾದ: ಇಲ್ಲ. ಒಂದೇ ಸೈಜಿಗೆ ಫಿಕ್ಸ್. ನಮ್ಮ ಕಡೆ ಹಸಿ ಅಡಿಕೆಗೆ ಅಷ್ಟು ಸಾಕು ಅಂತಾರೆ ಮಾವ.

ಕಿರಣ್ ಮ್ಯೂನಿಕ್: ನಾನು ಮೊದಲೇ ಹೇಳಿದ್ದೆ, ಪಾರು ಅಂತ.

ವಸುಧಾ: ನೀವು ಹೇಳಿದ್ದು ಬೇರೆ ಕಾರಣಕ್ಕೆ. ಶ್ರೀಪಾದ, “ಹೊಂದಿಸಿದ” ಎಂದು ಬರೆಯಬೇಡಿ, “ಹೊಂದಿಸಬಹುದಾದ” ಎಂದು ಬರೆಯಿರಿ. ಮಾವ ಹೊಂದಿಸುತ್ತಾರಾ ಎಂಬುದು ಪ್ರಶ್ನೆಯಲ್ಲ, ಹೊಂದಿಸಲು ಆಗುತ್ತದಾ ಎಂಬುದು ಪ್ರಶ್ನೆ. ರೋಲರಿನ ಬೇರಿಂಗ್ ಬೋಲ್ಟು ಕೂರುವ ತೂತು ದುಂಡಗಿದೆಯಾ, ಉದ್ದಕ್ಕಿದೆಯಾ?

ಶ್ರೀಪಾದ: ಕೇಳಿ ಬಂದೆ. ಒಂದು ಕಡೆ ಉದ್ದಕ್ಕಿದೆ. ಚೈನ್ ಸಡಿಲ ಆದಾಗ ಬಿಗಿ ಮಾಡೋಕಂತೆ.

ವಸುಧಾ: ಬೋಲ್ಟು ಸಡಿಲಿಸಿ ರೋಲರ್ ಸರಿಸಿದರೆ ಸಂದೂ ಬದಲಾಗುತ್ತದಾ? ಅಳತೆ ತೆಗೆದು, ಫೋಟೊ ಹಿಡಿದು, ನೋಟಿಸಿನ ಜೊತೆ ವಕೀಲರಿಗೆ ಕೊಡಿ. ಅಲ್ಲಿಯವರೆಗೆ ಯಾವ ಉತ್ತರವನ್ನೂ ಕಳಿಸಬೇಡಿ. ಆ ಪೇಟೆಂಟಿಗೆ ನವೀಕರಣ ಶುಲ್ಕ ಕಟ್ಟುತ್ತಿದ್ದಾರಾ ಎಂದು ಪೇಟೆಂಟ್ ಕಚೇರಿಯ ಹುಡುಕು ತಾಣ InPASS ನಲ್ಲಿ ನೋಡಲು ಅವರಿಗೆ ಹೇಳಿ.

ತಿಳಿಗನ್ನಡ: “ಬೇರಿಂಗ್” ಅನ್ನೋದಕ್ಕೂ ಕನ್ನಡ ಇದೆ.

ನಿವೃತ್ತ ಗುಮಾಸ್ತ: ಸದರಿ ಬೇರಿಂಗಿಗೆ ಏನಂತೀರಿ, ಹೇಳಿ ನೋಡೋಣ.