ಸಹಾಯ ಬೇಕು: ಕೇರಂ ಸ್ಟ್ರೈಕರ್ ಲೆಕ್ಕದಲ್ಲಿ ಎರಡು ಉತ್ತರ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಪಿಯು ವಿದ್ಯಾರ್ಥಿಗಳಿಗೆ ಮನೆಪಾಠ ಹೇಳುತ್ತೇನೆ. ಮಳೆಗಾಲದಲ್ಲಿ ಇಲ್ಲಿನ ಮಕ್ಕಳಿಗೆ ಕೇರಂ ಬೋರ್ಡೇ ಗತಿಯಾದ್ದರಿಂದ ಎರಡು ಆಯಾಮದ ಡಿಕ್ಕಿಗೆ ಅದನ್ನೇ ಉದಾಹರಣೆಯಾಗಿ ತೆಗೆದುಕೊಂಡೆ.

15 ಗ್ರಾಂ ಸ್ಟ್ರೈಕರ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬಂದು, ನಿಂತಿರುವ 5 ಗ್ರಾಂ ಕಾಯಿನ್‌ಗೆ ಬಡಿಯುತ್ತದೆ. ಘರ್ಷಣೆಯಿಲ್ಲ, ಚಲನಶಕ್ತಿ ನಷ್ಟವಾಗುವುದಿಲ್ಲ ಎಂದುಕೊಳ್ಳೋಣ. ಸಂವೇಗವನ್ನು x ಮತ್ತು y ಘಟಕಗಳಾಗಿ ಬಿಡಿಸಿ, ಸ್ಟ್ರೈಕರ್ 30° ತಿರುಗಿತೆಂದು ಇಟ್ಟರೆ ವರ್ಗ ಸಮೀಕರಣಕ್ಕೆ ವಾಸ್ತವ ಮೂಲವೇ ಸಿಗುವುದಿಲ್ಲ. ಇದರ ಕಾರಣ ದ್ರವ್ಯರಾಶಿ ಕೇಂದ್ರದ ಚೌಕಟ್ಟಿನಲ್ಲಿ ತಿಳಿಯಿತು: ಕೇಂದ್ರದ ವೇಗ 3, ಅಲ್ಲಿಂದ ನೋಡಿದಾಗ ಸ್ಟ್ರೈಕರ್‌ನ ವೇಗ ಡಿಕ್ಕಿಯ ಮೊದಲೂ ನಂತರವೂ 1 ಮಾತ್ರ, ಬದಲಾಗುವುದು ಬರೀ ದಿಕ್ಕು. 3ರ ಬಾಣದ ತುದಿಯಲ್ಲಿ 1ರ ತ್ರಿಜ್ಯದ ವೃತ್ತ ಎಳೆದರೆ, ಬಾಣದ ಬುಡದಿಂದ ಆ ವೃತ್ತಕ್ಕೆ ಎಳೆದ ಸ್ಪರ್ಶರೇಖೆಯೇ ಗರಿಷ್ಠ ಕೋನ; sin θ = 1/3, ಅಂದರೆ ಸುಮಾರು 19.5°. ಘಟಕಗಳ ಲೆಕ್ಕದಲ್ಲಿ ಪುಟ ತುಂಬಿದರೂ ಕಾಣದ ಮಿತಿ ಇಲ್ಲಿ ಒಂದೇ ಚಿತ್ರದಲ್ಲಿ ಕಾಣುತ್ತದೆ.

ಗೊಂದಲವಿರುವುದು 15° ಕೋನದಲ್ಲಿ. ಆ ದಿಕ್ಕಿನ ರೇಖೆ ವೃತ್ತವನ್ನು ಎರಡು ಕಡೆ ಕತ್ತರಿಸುವುದರಿಂದ ಸ್ಟ್ರೈಕರ್‌ನ ವೇಗ ಸುಮಾರು 3.53 ಎಂದೂ 2.27 ಎಂದೂ ಬರುತ್ತದೆ. ಎರಡರಲ್ಲೂ ಸಂವೇಗ, ಶಕ್ತಿ ಎರಡೂ ಸರಿಹೊಂದುತ್ತವೆ. ಮೊದಲನೆಯದು ಅಂಚು ಸವರಿದ ಹೊಡೆತ, ಎರಡನೆಯದು ಹೆಚ್ಚು ನೇರವಾದ ಹೊಡೆತ ಎಂಬುದು ನನ್ನ ಊಹೆ.

ನನ್ನ ಪ್ರಶ್ನೆ: ಈ ಊಹೆ ಸರಿಯೇ? ಸರಿಯಾದರೆ, ಡಿಕ್ಕಿಯ ಕ್ಷಣದಲ್ಲಿ ಎರಡರ ನಡುಬಿಂದುಗಳನ್ನು ಸೇರಿಸುವ ರೇಖೆಯು ಸ್ಟ್ರೈಕರ್ ಬಂದ ದಿಕ್ಕಿನೊಂದಿಗೆ ಮಾಡುವ ಕೋನದಿಂದ, ಕೇಂದ್ರದ ಚೌಕಟ್ಟಿನಲ್ಲಿ ಸ್ಟ್ರೈಕರ್ ಎಷ್ಟು ತಿರುಗುತ್ತದೆ ಎಂಬುದನ್ನು ಪಡೆಯುವುದು ಹೇಗೆ?