ಒಂದು ಉದ್ದ ಪದದಿಂದ ಹಲವು ಪದ: ಐದನೇ ತರಗತಿಗೆ ಹೇಗೆ ಆಡಿಸುವುದು?

ಕೇಳಿದವರು, ಸೇಡಂ ಕಡೆಯ ಶಿಕ್ಷಕಿ:
ಐದನೇ ತರಗತಿಗೆ ಕನ್ನಡ ಹೇಳಿಕೊಡುತ್ತೇನೆ. ಬೋರ್ಡಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದು, ಇದರ ಅಕ್ಷರಗಳಿಂದ ಬೇರೆ ಪದ ಮಾಡಿ ಎಂದೆ. ‘ಕಣ’, ‘ಕಟಕ’ ಬಂದವು, ಆಮೇಲೆ ಎಲ್ಲರೂ ಸುಮ್ಮನೆ ಕೂತರು. ಒಬ್ಬ ‘ಕೆರೆ’ ಎಂದ. ಅದು ಸರಿಯೋ ತಪ್ಪೋ ನನಗೇ ಗೊತ್ತಾಗಲಿಲ್ಲ. ನೀವು ಹೇಗೆ ಆಡಿಸುತ್ತೀರಿ?

ಆಳಂದದ ನಿವೃತ್ತ ಶಿಕ್ಷಕರು:
ಮೇಡಂ, ಮೊದಲು ಅಕ್ಷರ ಅಂದರೆ ಯಾವುದು ಎಂದು ನೀವೇ ತೀರ್ಮಾನಿಸಬೇಕು. ಬರೆದದ್ದನ್ನು ಹಾಗೆಯೇ ಹಿಡಿದರೆ ನಿಮ್ಮ ಪದದಲ್ಲಿ ಕ, ಲ್ಯಾ, ಣ, ಕ, ರ್ನಾ, ಟ, ಕ ಇವೆ. ಲ್ಯಾ, ರ್ನಾ ಎರಡೂ ಯಾವುದಕ್ಕೂ ಹೊಂದುವುದಿಲ್ಲ. ಕಣ, ಕಟಕ, ಕಣಕ, ಮತ್ತೆ ಮೂಲದಲ್ಲೇ ಇರುವ ಕಲ್ಯಾಣ, ಕರ್ನಾಟಕ. ಅಲ್ಲಿಗೆ ಮುಗಿಯಿತು. ಮಕ್ಕಳು ಸುಮ್ಮನಾದದ್ದರಲ್ಲಿ ಅವರ ತಪ್ಪೇನಿಲ್ಲ.

ಗುಣಿತವನ್ನು ಪೂರ್ತಿ ಬಿಟ್ಟುಬಿಟ್ಟರೆ ಇನ್ನೊಂದು ತೊಂದರೆ. ಕ, ರ ಇವೆ ಎಂದು ಕೆರೆ, ಕುರಿ, ಕರು, ಕಾರು ಎಲ್ಲ ಬರುತ್ತವೆ. ಆಗ ಎದುರಿಗಿರುವ ಪದದ ಕಡೆ ಯಾರೂ ನೋಡುವುದೇ ಇಲ್ಲ.

ನಾನು ನಡುವಿನ ದಾರಿ ಹಿಡಿಯುತ್ತಿದ್ದೆ. ಪದವನ್ನು ಬಿಡಿಸಿ ಚೀಟಿ ಮಾಡುವುದು. ಅಕ್ಷರಕ್ಕೆ ಬೇರೆ ಚೀಟಿ, ಗುಣಿತದ ಚಿಹ್ನೆಗೆ ಬೇರೆ ಚೀಟಿ. ನಿಮ್ಮ ಪದಕ್ಕೆ ಕ ಮೂರು, ಲ, ಯ, ಣ, ರ, ನ, ಟ ಒಂದೊಂದು, ದೀರ್ಘದ ಚೀಟಿ ಎರಡು. ಒಟ್ಟು 11. ದೀರ್ಘವನ್ನು ಯಾವ ಅಕ್ಷರದ ಪಕ್ಕದಲ್ಲಾದರೂ ಇಡಬಹುದು. ಒಂದು ಅಕ್ಷರದ ಚೀಟಿಯನ್ನು ಇನ್ನೊಂದರ ಕೆಳಗಿಟ್ಟರೆ ಅದು ಒತ್ತಕ್ಷರ. ಇದ್ದಷ್ಟೇ ಚೀಟಿ, ಹೊಸ ಚಿಹ್ನೆ ತರುವಂತಿಲ್ಲ. ಹೀಗಾಗಿ ನಿಮ್ಮ ಹುಡುಗನ ‘ಕೆರೆ’ ಇಲ್ಲಿ ನಡೆಯುವುದಿಲ್ಲ.

ಈಗ ನೋಡಿ. ನಟ, ನರ, ರಣ, ಲಯ, ಕಾಲ, ಕಾಯ, ಕಾಟ, ಯಾನ, ಕನಕ, ನರಕ, ಕಾರಣ, ನಾಯಕ, ಕಾಯಕ, ನಾಟಕ. ಒತ್ತು ಹಾಕಿದರೆ ನಾಣ್ಯ, ಕಾರ್ಯ. ಉದ್ದದ್ದು ಬೇಕೆಂದರೆ ಕಲಾಕಾರ, ನಾಟಕಕಾರ. ಈ ಕೊನೆಯದಕ್ಕೆ ಎರಡು ದೀರ್ಘವೂ ಖರ್ಚಾಗುತ್ತವೆ. ಬರೀ ‘ಕರ್ನಾಟಕ’ ಕೊಟ್ಟಿದ್ದರೆ ಒಂದೇ ದೀರ್ಘ, ‘ನಾಟಕಕಾರ’ ಆಗುತ್ತಿರಲಿಲ್ಲ. ಮಕ್ಕಳು ಆಗುತ್ತದೆ ಎಂದೇ ವಾದ ಮಾಡುತ್ತಾರೆ. ಆಗ ಬಾಯಲ್ಲಿ ಹೇಳಬೇಡಿ, ಚೀಟಿ ಜೋಡಿಸಿ ತೋರಿಸು ಎನ್ನಿ.

ಒಂದು ಮಾತು. ಅರ್ಕಾವತ್ತನ್ನು ಬಹಳ ಮಕ್ಕಳು ಅಕ್ಷರ ಎಂದು ಎಣಿಸುವುದೇ ಇಲ್ಲ. ಪದ ಬಿಡಿಸುವಾಗ ‘ರ’ ಬಿಟ್ಟುಹೋಗಿರುತ್ತದೆ. ಚೀಟಿ ಮಾಡುವ ಕೆಲಸವನ್ನು ಅವರಿಗೇ ಕೊಡಿ, ಯಾರು ಎಲ್ಲಿ ತಪ್ಪುತ್ತಾರೆ ಎಂದು ಅಲ್ಲೇ ಗೊತ್ತಾಗುತ್ತದೆ.

ಯಾದಗಿರಿಯ ಒಬ್ಬ ಪಾಲಕರು:
ನನ್ನ ಮಗಳು ಇಂಗ್ಲಿಷ್ ಮಾಧ್ಯಮ. ಅವರ ಶಾಲೆಯಲ್ಲಿ ಇದನ್ನೇ ಇಂಗ್ಲಿಷಿನಲ್ಲಿ ಆಡಿಸುತ್ತಾರೆ. ಸ್ಪೆಲಿಂಗ್ ಸುಧಾರಿಸಿದೆ. ನೀವೂ ಇಂಗ್ಲಿಷ್ ಪದವನ್ನೇ ಕೊಡಬಹುದಲ್ವಾ? ಈ ಒತ್ತು, ಗುಣಿತದ ತಾಪತ್ರಯವೇ ಇರುವುದಿಲ್ಲ.

ಕೇಳಿದವರು:
ಸರ್, ಅದು ಕನ್ನಡದ ಪೀರಿಯಡ್! ನನಗೆ ಆ ತಾಪತ್ರಯವೇ ಬೇಕಾಗಿರುವುದು.

ಶಹಾಪುರದ ಶಿಕ್ಷಕರು:
ಚೀಟಿಯ ವಿಷಯ ಒಪ್ಪಿದೆ. ಆದರೆ ಮಕ್ಕಳು ‘ಕಾರ’ ಎಂದು ಬರೆದರೆ ಹೊಡೆದುಹಾಕಿ ಮೇಡಂ. ಅದು ‘ಖಾರ’ ಆಗಬೇಕು, ನಿಮ್ಮ ಪದದಲ್ಲಿ ಮಹಾಪ್ರಾಣವೇ ಇಲ್ಲ. ನಮ್ಮ ಕಡೆ ಮಕ್ಕಳು ಎರಡನ್ನೂ ಒಂದೇ ಥರ ಬರೆಯುತ್ತಾರೆ.

ಆಳಂದದ ನಿವೃತ್ತ ಶಿಕ್ಷಕರು:
ಸರ್, ಕಾರಹುಣ್ಣಿಮೆಗೆ ಎತ್ತು ಓಡಿಸಿದ ಹುಡುಗ ಬಿಡುತ್ತಾನೆಯೇ? ನೀವು ಹೇಳಿದ್ದು ಮೆಣಸಿನಕಾಯಿಯ ಖಾರಕ್ಕೆ ಸರಿ. ಆದ್ದರಿಂದ ನಾನು ಸುಮ್ನೆ ಪದ ಒಪ್ಪುತ್ತಿರಲಿಲ್ಲ. ಆ ಪದ ಇಟ್ಟು ಒಂದು ವಾಕ್ಯ ಹೇಳಬೇಕು. ‘ಚಟ್ನಿ ಕಾರ ಇದೆ’ ಎಂದರೆ ಅಂಕ ಇಲ್ಲ. ಕಾರಹುಣ್ಣಿಮೆ ಎಂದರೆ ಅಂಕ ಇದೆ.

ಬೀದರಿನ ಶಿಕ್ಷಕಿ:
ಈ ವಾಕ್ಯದ ನಿಯಮ ನನಗೂ ಬೇಕೇ ಬೇಕು. ನಮ್ಮಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳು ಜಾಸ್ತಿ. ಒಬ್ಬಳು ‘ಕಾಲ’ ಎಂದು ಬರೆದಳು. ನಾನು ಸರಿ ಎನ್ನುವಷ್ಟರಲ್ಲಿ ‘ಕಾಲ ಅಂದ್ರೆ ಕಪ್ಪು ಟೀಚರ್’ ಎಂದಳು. ಪದ ಸರಿ, ಅವಳ ಅರ್ಥ ಬೇರೆ. ನಾನು ಅರ್ಧ ಅಂಕ ಕೊಟ್ಟು, ಬೇಸಿಗೆ ಕಾಲ, ಮಳೆಗಾಲ ಎಂದು ಅವಳಿಂದಲೇ ಹೇಳಿಸಿದೆ.

ಆದರೆ ಮೇಡಂ, ಮೊದಲ ಸಲಕ್ಕೆ ‘ಕಲ್ಯಾಣ ಕರ್ನಾಟಕ’ ಬೇಡ ಎನ್ನುತ್ತೇನೆ. ಅದರಲ್ಲಿ ಇರುವುದು ದೀರ್ಘ ಮಾತ್ರ. ಬರುವ ಪದವೆಲ್ಲ ಕನಕ, ನರಕ, ಲಯ, ಯಾನ. ಹಳ್ಳಿ ಮಕ್ಕಳಿಗೆ ದಿನಾ ಬಾಯಲ್ಲಿ ಬರುವುದು ಕುರಿ, ಕರು, ಗರಿ. ಅಂಥ ಪದಗಳ ಕೊನೆಯಲ್ಲಿ ಇ, ಉ, ಎ ಇರುತ್ತದೆ. ಹಾಗಾಗಿ ಕೊಂಬು, ಗುಡಿಸು ಇರುವ ಪದ ಕೊಡಿ. ‘ಕಲಬುರಗಿ’ಯೇ ಸಾಕು. ಕ, ಲ, ಬ, ರ, ಗ, ಒಂದು ಕೊಂಬು, ಒಂದು ಗುಡಿಸು. ಏಳೇ ಚೀಟಿ. ಕರು, ಕುರಿ, ಗರಿ, ಗುರಿ, ಬಲ, ಬರ, ಬಲಿ, ಕುಲ, ಕರಗು, ಬರಲಿ. ‘ಗುರು’ ಎಂದು ಖಂಡಿತ ಹೇಳುತ್ತಾರೆ. ಕೊಂಬು ಒಂದೇ ಇದೆ, ಆಗುವುದಿಲ್ಲ. ‘ಕಲ್ಲು’ ಕೂಡ ಆಗುವುದಿಲ್ಲ, ಲ ಎರಡು ಬೇಕು. ಈ ಎರಡನ್ನು ಮಕ್ಕಳೇ ಹಿಡಿದರೆ ನಿಯಮ ಅರ್ಥವಾಯಿತು ಎಂದು ಲೆಕ್ಕ.

ಕೇಳಿದವರು:
ಚೀಟಿ ಯಾವುದರಲ್ಲಿ ಮಾಡುತ್ತೀರಿ? ಗುಡಿಸು ಅಕ್ಷರದ ತಲೆಯ ಮೇಲೆ ಬರುತ್ತದೆ, ಪಕ್ಕದಲ್ಲಿ ಇಟ್ಟರೆ ಗೊಂದಲ ಆಗುವುದಿಲ್ಲವೇ?

ಬೀದರಿನ ಶಿಕ್ಷಕಿ:
ಹಳೆ ಕ್ಯಾಲೆಂಡರಿನ ಹಿಂಭಾಗ. ಗುಡಿಸನ್ನು ಸಣ್ಣ ಚೀಟಿಯಲ್ಲಿ ಬರೆದು ಅಕ್ಷರದ ಮೇಲೆ ಇಡಿಸಿ, ಜೋಡಿಸಿದ ಪದವನ್ನು ಪಾಟಿಯಲ್ಲಿ ಸರಿಯಾಗಿ ಬರೆಸಿ. ನಲಿಕಲಿಯಲ್ಲಿ ಕಾರ್ಡು ಹಿಡಿದು ಕಲಿತ ಮಕ್ಕಳಿಗೆ ಇದು ಹೊಸದಲ್ಲ. ಒಂದು ಗುಂಪಿಗೆ ನಾಲ್ಕು ಮಕ್ಕಳು ಸಾಕು. ಜಾಸ್ತಿ ಆದರೆ ಒಬ್ಬನೇ ಚೀಟಿ ಹಿಡಿದು ಕೂತುಬಿಡುತ್ತಾನೆ, ಉಳಿದವರು ಕಿಟಕಿ ನೋಡುತ್ತಾರೆ. ಚೀಟಿ ಸರದಿಯಂತೆ ಕೈ ಬದಲಾಗಲಿ.

ಅಂಕ ಹೀಗೆ: ಎರಡಕ್ಷರಕ್ಕೆ ಒಂದು, ಮೂರಕ್ಷರಕ್ಕೆ ಮೂರು, ನಾಲ್ಕಕ್ಕೆ ಐದು. ಎಲ್ಲದಕ್ಕೂ ಒಂದೇ ಅಂಕ ಕೊಟ್ಟರೆ ಎರಡಕ್ಷರದಲ್ಲೇ ನಿಂತುಬಿಡುತ್ತಾರೆ. ಹತ್ತು ನಿಮಿಷ ಆದ ಮೇಲೆ ಗುಂಪಿಗೊಬ್ಬರು ಓದಲಿ. ಎರಡು ಗುಂಪಿನಲ್ಲಿ ಇರುವ ಪದವನ್ನು ಇಬ್ಬರೂ ಹೊಡೆದುಹಾಕಬೇಕು. ಆಗ ಬೇರೆಯವರಿಗೆ ಹೊಳೆಯದ ಪದಕ್ಕೆ ಬೆಲೆ ಬರುತ್ತದೆ.

ಶಹಾಪುರದ ಶಿಕ್ಷಕರು:
ಹೊಡೆದುಹಾಕುವುದು ನನಗೆ ಸರಿ ಕಾಣುವುದಿಲ್ಲ. ನಿಧಾನ ಕಲಿಯುವವರು ಬರೆಯುವುದೇ ‘ಕರು’, ‘ಬಲ’. ಅವೆಲ್ಲ ಹೋಗಿ ಅವರ ಅಂಕ ಸೊನ್ನೆಯಾಗುತ್ತದೆ. ನಾನು ಎಲ್ಲ ಪದಕ್ಕೂ ಅಂಕ ಕೊಡುತ್ತೇನೆ, ಬೇರೆ ಯಾರೂ ಬರೆಯದ ಪದಕ್ಕೆ ಒಂದು ಹೆಚ್ಚು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ‘ಕಲಬುರಗಿ’ಯಿಂದಲೇ ಶುರು ಮಾಡುತ್ತೇನೆ, ಅಂಕ ಶಹಾಪುರದ ಸರ್ ಹೇಳಿದಂತೆ. ಒಂದು ಉಳಿಯಿತು. ನಮ್ಮ ಮಕ್ಕಳು ‘ಲಗು’ ಎನ್ನುತ್ತಾರೆ, ‘ಲಗು ಬಾ’ ಎಂದು ವಾಕ್ಯವನ್ನೂ ಹೇಳುತ್ತಾರೆ. ಆ ಉದ್ದ ಪದದಲ್ಲಿ ‘ಯಾಕ’ ಕೂಡ ಆಗುತ್ತದೆ. ಪುಸ್ತಕದಲ್ಲಿ ‘ಬೇಗ’, ‘ಯಾಕೆ’ ಎಂದಿದೆ. ಒಪ್ಪಲೇ?

ಆಳಂದದ ನಿವೃತ್ತ ಶಿಕ್ಷಕರು:
‘ಲಗು’ ನಾನು ಒಪ್ಪುತ್ತಿದ್ದೆ. ಅದು ಇಲ್ಲಿಯವರೆಲ್ಲ ಆಡುವ ಪದ.

ಬೀದರಿನ ಶಿಕ್ಷಕಿ:
ನಾನು ‘ಲಗು’ಗೆ ಹೂಂ, ‘ಯಾಕ’ಗೆ ಊಹೂಂ. ಒಂದು ಸಲ ಒಪ್ಪಿದರೆ ಪರೀಕ್ಷೆಯಲ್ಲೂ ಹಾಗೆಯೇ ಬರೆಯುತ್ತಾರೆ.

ಆಳಂದದ ನಿವೃತ್ತ ಶಿಕ್ಷಕರು:
ಆಟದಲ್ಲಿ ಬರೆದದ್ದನ್ನು ಪರೀಕ್ಷೆಯಲ್ಲಿ ಬರೆಯುತ್ತಾರೆ ಎಂದು ನನಗೆ ಅನಿಸುವುದಿಲ್ಲ ಮೇಡಂ. ಪಕ್ಕದಲ್ಲಿ ‘ಯಾಕೆ’ ಎಂದೂ ಬರೆಸಿದರೆ ಆಯಿತು.